ಧೂಮಪಾನ ಬಿಡುವಿಕೆ: ನಿಕೋಟಿನ್ ಬದಲಿ ಚಿಕಿತ್ಸೆ ಮತ್ತು ಶ್ವಾಸಕೋಶದ ಮುಂದಿನ ವರ್ಷಗಳು

ಸಿಗರೇಟು, ಬೀಡಿ, ಚುಟ್ಟಾ ಮುಂತಾದವುಗಳ ಹೊಗೆ ಸೇದುವ ಅಭ್ಯಾಸವನ್ನು ಪೂರ್ತಿಯಾಗಿ ನಿಲ್ಲಿಸುವುದನ್ನು ವೈದ್ಯಶಾಸ್ತ್ರ ಒಂದು ಚಿಕಿತ್ಸೆಯಾಗಿಯೇ ಪರಿಗಣಿಸುತ್ತದೆ. ಬಿಡಲು ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಚಡಪಡಿಕೆಯನ್ನು ತಡೆದುಕೊಳ್ಳುವುದು ಹೇಗೆ ಎಂಬುದು ಮೊದಲನೆಯದು. ಇಷ್ಟು ವರ್ಷ ಸೇದಿ ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುತ್ತದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ನಿಕೋಟಿನ್ ಬದಲಿ ಚಿಕಿತ್ಸೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರ ಸಿಕ್ಕಿದ್ದು ಸಾವಿರಾರು ಜನರ ಉಸಿರನ್ನು ವರ್ಷಗಟ್ಟಲೆ ಅಳೆದ ಮೇಲೆ. ಹೋದ ಸಾಮರ್ಥ್ಯದಲ್ಲಿ ಬಹುಪಾಲು ಹಿಂದಿರುಗುವುದಿಲ್ಲ, ಆದರೆ ಮುಂದೆ ಕಳೆದುಕೊಳ್ಳುವ ವೇಗ ಅರ್ಧದಷ್ಟಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಈ ಇಳಿಕೆಯ ಬೆಲೆ ಎಷ್ಟೆಂಬುದು ಒಂದೆರಡು ವರ್ಷಗಳಲ್ಲಿ ಕಾಣುವುದಿಲ್ಲ, ಹತ್ತಿಪ್ಪತ್ತು ವರ್ಷಗಳಲ್ಲಿ ಕಾಣುತ್ತದೆ.

ಚಟದ ಬೇರು

ಸೇದಿದ ಹೊಗೆಯಲ್ಲಿನ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಅಲ್ಲಿನ ಗ್ರಾಹಕಗಳನ್ನು ಹಿಡಿದು ಡೋಪಮಿನ್ ಬಿಡುಗಡೆ ಮಾಡಿಸುತ್ತದೆ. ಪ್ರತಿ ದಮ್ಮಿಗೂ ಹೀಗೆ ಕೂಡಲೇ ಫಲ ಸಿಗುವುದರಿಂದ ಚಟ ಗಟ್ಟಿಯಾಗುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯ ನಿದ್ದೆ ಮುಗಿಯುವ ಹೊತ್ತಿಗೆ ಅದು ಬಹಳ ಕಡಿಮೆಯಾಗಿರುತ್ತದೆ. ಹಾಸಿಗೆಯಿಂದ ಎದ್ದ ಕೂಡಲೇ ಬೆಂಕಿಪೊಟ್ಟಣಕ್ಕೆ ಕೈ ಹೋಗುವುದು ಇದರಿಂದಲೇ.

ಚಟದ ಆಳವನ್ನು ಅಳೆಯಲು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಫಾಗರ್‌ಸ್ಟ್ರಮ್ ಹೆಸರಿನ ಪ್ರಶ್ನಾವಳಿ ಬಳಕೆಯಲ್ಲಿದೆ. ಅದರಲ್ಲಿ ಹೆಚ್ಚು ತೂಕದ ಪ್ರಶ್ನೆಗಳಲ್ಲಿ ಒಂದು ಇದು: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ? ಅರ್ಧ ಗಂಟೆಯೊಳಗೆ ಎಂಬ ಉತ್ತರ ಬಂದರೆ ಅವಲಂಬನೆ ಬಲವಾಗಿದೆ ಎಂದು ತಿಳಿಯಬೇಕು. ದಿನಕ್ಕೆ ಎಷ್ಟು ಎಂಬ ಲೆಕ್ಕಕ್ಕಿಂತ ಈ ಉತ್ತರ ನಮ್ಮ ದೇಶಕ್ಕೆ ಹೆಚ್ಚು ಹೊಂದುತ್ತದೆ. ಭಾರತದಲ್ಲಿ ಸಿಗರೇಟಿಗಿಂತ ಬೀಡಿ ಸೇದುವವರೇ ಹೆಚ್ಚು, ಔಷಧಿಯ ಚೀಟಿಯ ಮೇಲಿನ ಪ್ರಮಾಣಗಳೆಲ್ಲ ಸಿಗರೇಟಿನ ಲೆಕ್ಕದಲ್ಲಿವೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ ಇದ್ದರೂ ಅದು ಆರಿಹೋಗದಂತೆ ಪದೇಪದೇ ಜೋರಾಗಿ ಎಳೆಯಬೇಕಾಗುತ್ತದೆ. ಆದ್ದರಿಂದ ಸಣ್ಣ ಬೀಡಿಗೆ ಸಣ್ಣ ಚಟ ಎಂದು ಎಣಿಸುವುದು ತಪ್ಪು.

ನಿಲ್ಲಿಸಿದ ಮೇಲೆ ಸಿಡುಕು, ಚಡಪಡಿಕೆ, ಗಮನ ನಿಲ್ಲದಿರುವುದು, ನಿದ್ದೆ ಕೆಡುವುದು, ಹಸಿವು ಹೆಚ್ಚುವುದು ಇವೆಲ್ಲ ಒಂದು ದಿನದೊಳಗೆ ಶುರುವಾಗುತ್ತವೆ. ಮೊದಲ ಎರಡು ಮೂರು ದಿನ ಅವು ತೀವ್ರವಾಗಿದ್ದು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಟ ಹಿಡಿಸುವುದು ನಿಕೋಟಿನ್, ಆದರೆ ಶ್ವಾಸಕೋಶವನ್ನು ತಿನ್ನುವುದು ಮುಖ್ಯವಾಗಿ ಹೊಗೆ. ಡಾಂಬರಿನಂತಹ ಅಂಟು, ಇಂಗಾಲದ ಮಾನಾಕ್ಸೈಡ್, ಸುಡುವಾಗ ಹುಟ್ಟುವ ಸಾವಿರಾರು ರಾಸಾಯನಿಕಗಳು ಉರಿಯೂತವನ್ನೂ ಕ್ಯಾನ್ಸರನ್ನೂ ತರುತ್ತವೆ. ಹೊಗೆಯನ್ನು ಬಿಡಿಸಿ ನಿಕೋಟಿನ್ ಅನ್ನು ಮಾತ್ರ ಕೆಲವು ಕಾಲ ಕೊಡುವುದು, ಆಮೇಲೆ ಅದನ್ನೂ ಇಳಿಸುತ್ತ ಬರುವುದು, ಬದಲಿ ಚಿಕಿತ್ಸೆಯ ತಿರುಳು.

ನಿಕೋಟಿನ್ ಗಮ್

ಈ ಚಿಕಿತ್ಸೆಯ ಮೂಲ ಸ್ವೀಡನ್ನಿನಲ್ಲಿದೆ. 1967ರ ಸುಮಾರಿಗೆ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿ ಕ್ಲಾಸ್ ಲುಂಡ್‌ಗ್ರೆನ್ ಒಂದು ಸಂಗತಿಯನ್ನು ಗಮನಿಸಿದರು. ಜಲಾಂತರ್ಗಾಮಿಯಲ್ಲಿ ಸೇದುವಂತಿಲ್ಲದ ನಾವಿಕರು ಬಾಯಲ್ಲಿಡುವ ಹೊಗೆಸೊಪ್ಪಿನಿಂದ ತಲುಬು ತೀರಿಸಿಕೊಳ್ಳುತ್ತಿದ್ದರು. ಲುಂಡ್‌ಗ್ರೆನ್ ಇದನ್ನು ಹೆಲ್ಸಿಂಗ್‌ಬೋರ್ಗ್‌ನ ಲಿಯೊ ಔಷಧ ಕಂಪನಿಯಲ್ಲಿದ್ದ ಓವೆ ಫರ್ನೊ ಅವರಿಗೆ ತಿಳಿಸಿದರು. ಹೊಗೆಯಿಲ್ಲದೆ ನಿಕೋಟಿನ್ ಕೊಡುವ ಔಷಧ ಮಾಡಬಹುದಲ್ಲ ಎಂಬುದು ಅವರ ಸೂಚನೆ. ಫರ್ನೊ ನಿಕೋಟಿನ್ ಅನ್ನು ಒಂದು ಬಗೆಯ ರಾಳಕ್ಕೆ ಅಂಟಿಸಿ ಅಗಿದಾಗ ಮಾತ್ರ ನಿಧಾನವಾಗಿ ಹೊರಬರುವಂತೆ ಮಾಡಿದರು. ಬಾಯಿಯ ರಸ ಕ್ಷಾರಗುಣದಲ್ಲಿದ್ದರೆ ಮಾತ್ರ ನಿಕೋಟಿನ್ ಒಳಚರ್ಮದ ಮೂಲಕ ಚೆನ್ನಾಗಿ ಇಳಿಯುತ್ತದೆ ಎಂದು ಕಂಡು ಅದಕ್ಕೆ ಬೇಕಾದ ಲವಣವನ್ನೂ ಗಮ್‌ನಲ್ಲಿ ಸೇರಿಸಿದರು. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದು ಮಾರಾಟಕ್ಕೆ ಬಂತು. 1984ರಲ್ಲಿ ಅಮೆರಿಕದ ಒಪ್ಪಿಗೆ ದೊರೆಯಿತು.

ಗಮ್ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಬಹಳಷ್ಟು ಮಂದಿ ಅದನ್ನು ಸಾಮಾನ್ಯ ಚೂಯಿಂಗ್ ಗಮ್‌ನಂತೆ ಸತತವಾಗಿ ಅಗಿದಿರುತ್ತಾರೆ. ಹಾಗೆ ಅಗಿದರೆ ನಿಕೋಟಿನ್ ಒಮ್ಮೆಲೇ ಬಿಡುಗಡೆಯಾಗಿ ಉಗುಳಿನೊಡನೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಬರುತ್ತವೆ, ತಲುಬು ಮಾತ್ರ ಹಾಗೇ ಉಳಿಯುತ್ತದೆ. ಹೊಟ್ಟೆಯಿಂದ ಹೋದ ನಿಕೋಟಿನ್‌ನ ಬಹುಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಒಡೆದುಹಾಕುವುದು ಇದಕ್ಕೆ ಕಾರಣ. ಸರಿಯಾದ ಕ್ರಮ ಹೀಗಿದೆ. ತುಂಡನ್ನು ಬಾಯಲ್ಲಿಟ್ಟು ನಿಧಾನವಾಗಿ ಕೆಲವು ಸಲ ಅಗಿಯಬೇಕು. ಮೆಣಸು ಕಚ್ಚಿದಂತಹ ಖಾರ ಅಥವಾ ಜುಮುಜುಮು ಶುರುವಾದೊಡನೆ ಅಗಿಯುವುದನ್ನು ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಬೇಕು. ಎಲೆಯಡಿಕೆ ಹಾಕುವವರಿಗೆ ದವಡೆಯಲ್ಲಿ ಒತ್ತಿಡುವುದನ್ನು ಹೇಳಿಕೊಡಬೇಕಾದ್ದಿಲ್ಲ. ಖಾರ ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಈ ಸಲ ಇನ್ನೊಂದು ಬದಿಗೆ ಒತ್ತಿಡಬೇಕು. ಹೀಗೆ ಸುಮಾರು ಅರ್ಧ ಗಂಟೆ ಕಳೆದರೆ ಒಂದು ತುಂಡಿನ ಕೆಲಸ ಮುಗಿಯುತ್ತದೆ.

ಗಮ್‌ಗೆ ಕಾಲು ಗಂಟೆ ಮುಂಚಿನಿಂದ ಕಾಫಿ, ಹಣ್ಣಿನ ರಸ, ತಂಪು ಪಾನೀಯ ಏನನ್ನೂ ಕುಡಿಯಬಾರದು, ಅದು ಬಾಯಲ್ಲಿರುವಾಗಲೂ ಕುಡಿಯಬಾರದು. ಇವೆಲ್ಲ ಬಾಯಿಯನ್ನು ಆಮ್ಲೀಯಗೊಳಿಸಿ ಫರ್ನೊ ಸೇರಿಸಿದ ಕ್ಷಾರವನ್ನು ನಿಷ್ಫಲ ಮಾಡುತ್ತವೆ. ಕಾಫಿಯ ಜೊತೆಗೇ ಸಿಗರೇಟು ಹಚ್ಚುತ್ತಿದ್ದವರು ಈಗ ಕಾಫಿಯ ಜೊತೆಗೇ ಗಮ್ ಹಾಕಿಕೊಳ್ಳುವುದು ಸಹಜ. ಹಾಗೆ ಮಾಡಿದರೆ ಗಮ್ ವ್ಯರ್ಥವಾಗುತ್ತದೆ.

ಕಾಫಿಯಿಂದ ಇನ್ನೊಂದು ತೊಡಕೂ ಉಂಟು. ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಕೆಫೀನನ್ನು ಒಡೆಯುವುದು ಅದೇ ಕಿಣ್ವ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಕಿಣ್ವ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಅಷ್ಟೇ ಲೋಟ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ದುಪ್ಪಟ್ಟಾಗಬಹುದು. ಕೈ ನಡುಕ, ಎದೆ ಬಡಿತ, ನಿದ್ದೆ ಬಾರದಿರುವುದು ಕಾಣಿಸಿಕೊಂಡಾಗ ಜನ ಅದನ್ನು ಸಿಗರೇಟು ಬಿಟ್ಟದ್ದರ ಫಲ ಎಂದು ತಿಳಿದು ಮತ್ತೆ ಸೇದಲು ಹೋಗುತ್ತಾರೆ. ಬಿಡುವ ದಿನದಿಂದ ಕಾಫಿಯನ್ನು ಅರ್ಧಕ್ಕೆ ಇಳಿಸಿದರೆ ಈ ಗೊಂದಲ ತಪ್ಪುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮತ್ತು ಒಲಾಂಜಪಿನ್‌ಗಳನ್ನೂ ಇದೇ ಕಿಣ್ವ ಒಡೆಯುತ್ತದೆ. ಅವುಗಳನ್ನು ತೆಗೆದುಕೊಳ್ಳುವವರು ಬಿಡುವ ಮುನ್ನವೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಪ್ರಮಾಣ ಇಳಿಸಬೇಕಾಗಿ ಬರಬಹುದು.

ಪ್ರಮಾಣದ ಲೆಕ್ಕ

ಬದಲಿ ಚಿಕಿತ್ಸೆ ಸೋಲುವುದಕ್ಕೆ ಅತಿ ಸಾಮಾನ್ಯ ಕಾರಣ ಕಡಿಮೆ ಪ್ರಮಾಣ. ಒಂದು ಸಿಗರೇಟಿನಿಂದ ದೇಹಕ್ಕೆ ಸುಮಾರು 1ರಿಂದ 1.5 ಮಿಲಿಗ್ರಾಂ ನಿಕೋಟಿನ್ ಇಳಿಯುತ್ತದೆ. ದಿನಕ್ಕೆ 15 ಸೇದುವವರಿಗೆ 15ರಿಂದ 22 ಮಿಲಿಗ್ರಾಂ ಅಭ್ಯಾಸವಾಗಿರುತ್ತದೆ. 2 ಮಿಲಿಗ್ರಾಂ ಗಮ್‌ನಿಂದ ರಕ್ತಕ್ಕೆ ಸೇರುವುದು ಅದರ ಅರ್ಧದಷ್ಟು, ಅಂದರೆ ಸುಮಾರು 1 ಮಿಲಿಗ್ರಾಂ. ಅದೂ ನಿಧಾನವಾಗಿ, ಸಿಗರೇಟಿನ ಏಟು ಇಲ್ಲದೆ. ಬೇಕೆನಿಸಿದಾಗ ಒಂದು ಎಂದು ದಿನಕ್ಕೆ ನಾಲ್ಕು ತುಂಡು ಅಗಿದವರಿಗೆ ನಾಲ್ಕು ಮಿಲಿಗ್ರಾಂ ಸಿಕ್ಕಂತಾಯಿತು. ಅವರ ಮೆದುಳು ಇನ್ನೂ ಹಸಿದೇ ಇರುತ್ತದೆ.

ಆದ್ದರಿಂದ ಮೊದಲ ಆರು ವಾರ ಒಂದೆರಡು ಗಂಟೆಗೊಮ್ಮೆ ಗಡಿಯಾರ ನೋಡಿಕೊಂಡೇ ಗಮ್ ಹಾಕಿಕೊಳ್ಳಬೇಕೆಂಬುದು ನಿಯಮ. ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಮ್ಮೆ, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಮ್ಮೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2 ಮಿಲಿಗ್ರಾಂ. ಚಪ್ಪರಿಸುವ ಲಾಜೆಂಜ್‌ಗಳಿಗೂ ಇದೇ ಲೆಕ್ಕ. ಹಲ್ಲುಸೆಟ್ ಇರುವವರಿಗೆ, ಅಗಿಯಲಾಗದವರಿಗೆ ಅವು ಅನುಕೂಲ.

ಪ್ಯಾಚ್ ಎಂದರೆ ಚರ್ಮಕ್ಕೆ ಅಂಟಿಸುವ ಪಟ್ಟಿ. ಅಮೆರಿಕದ ಮರ್ರೆ ಜಾರ್ವಿಕ್, ಜೆಡ್ ರೋಸ್ ಮುಂತಾದವರ 1980ರ ದಶಕದ ಪ್ರಯೋಗಗಳಿಂದ ಅದು ಬಂತು. ಇದು ದಿನವಿಡೀ ಒಂದೇ ಸಮನೆ ನಿಕೋಟಿನ್ ಬಿಡುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿಲಿಗ್ರಾಂ ಪಟ್ಟಿ ಆರು ವಾರ, ನಂತರ 14 ಮಿಲಿಗ್ರಾಂ ಎರಡು ವಾರ, 7 ಮಿಲಿಗ್ರಾಂ ಎರಡು ವಾರ ಎಂಬುದು ಪ್ರಚಲಿತ ಕ್ರಮ. ಪ್ರತಿದಿನ ಬೆಳಿಗ್ಗೆ ಹೊಸ ಪಟ್ಟಿಯನ್ನು ಕೂದಲಿಲ್ಲದ, ಒಣಗಿದ ಚರ್ಮದ ಮೇಲೆ, ಹಿಂದಿನ ದಿನದ ಜಾಗ ಬಿಟ್ಟು ಅಂಟಿಸಬೇಕು. ಅದೇ ಜಾಗಕ್ಕೆ ಹಚ್ಚುತ್ತಿದ್ದರೆ ಚರ್ಮ ಕೆಂಪಾಗಿ ತುರಿಸುತ್ತದೆ. ರಾತ್ರಿ ವಿಚಿತ್ರ ಕನಸು ಬಿದ್ದು ನಿದ್ದೆ ಕೆಟ್ಟರೆ ಮಲಗುವ ಮುನ್ನ ತೆಗೆದಿಡಬಹುದು.

ಪ್ಯಾಚ್ ನಿಧಾನಿ. ಊಟವಾದ ಮೇಲಿನ, ಗೆಳೆಯರ ನಡುವಿನ, ಬಸ್ಸಿಗೆ ಕಾಯುವಾಗಿನ ದಿಢೀರ್ ತಲುಬನ್ನು ಅದು ತಡೆಯಲಾರದು. ಅದಕ್ಕೆ ಗಮ್ ಅಥವಾ ಲಾಜೆಂಜ್ ಜೊತೆಗಿರಬೇಕು. ಎರಡನ್ನೂ ಕೂಡಿಸಿ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಉತ್ತಮವೆಂದು ಪ್ರಯೋಗಗಳು ತೋರಿಸಿವೆ, ಆದರೂ ನಮ್ಮಲ್ಲಿ ಇಂದಿಗೂ ಹೆಚ್ಚಿನವರಿಗೆ ಗಮ್ ಒಂದೇ ಸಿಗುತ್ತದೆ. ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಯಾವುದೇ ಬದಲಿ ಚಿಕಿತ್ಸೆ ಬಿಡುವವರ ಯಶಸ್ಸನ್ನು ಶೇ. 50ರಿಂದ 60ರಷ್ಟು ಹೆಚ್ಚಿಸುತ್ತದೆ. ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಔಷಧವಿಲ್ಲದೆ ನೂರಕ್ಕೆ ಹತ್ತು ಮಂದಿ ಬಿಡುವ ಕಡೆ ಔಷಧದಿಂದ ಹದಿನೈದು ಹದಿನಾರು ಮಂದಿ ಬಿಡುತ್ತಾರೆ ಎಂದರ್ಥ. ಉಳಿದವರು ಮತ್ತೆ ಪ್ರಯತ್ನಿಸಬೇಕಾಗುತ್ತದೆ.

ನಿಕೋಟಿನ್ ಇಲ್ಲದ ಮಾತ್ರೆಗಳೂ ಇವೆ. ವರೆನಿಕ್ಲಿನ್ ಮೆದುಳಿನ ನಿಕೋಟಿನ್ ಗ್ರಾಹಕವನ್ನು ಅರೆಬರೆಯಾಗಿ ಪ್ರಚೋದಿಸಿ ತಲುಬು ತಗ್ಗಿಸುತ್ತದೆ. ಜೊತೆಗೆ ಸೇದಿದರೂ ಸುಖ ಸಿಗದಂತೆ ಅಡ್ಡ ನಿಲ್ಲುತ್ತದೆ. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಶುರುಮಾಡಿ ಹನ್ನೆರಡು ವಾರ ಮುಂದುವರಿಸುತ್ತಾರೆ. ವಾಕರಿಕೆ ಅದರ ಸಾಮಾನ್ಯ ತೊಂದರೆ. ಬ್ಯುಪ್ರೊಪಿಯಾನ್ ಫಿಟ್ಸ್ ಇದ್ದವರಿಗೆ ಸಲ್ಲದು. ಇವೆರಡಕ್ಕೂ ವೈದ್ಯರ ಚೀಟಿ ಬೇಕು. ಇ-ಸಿಗರೇಟನ್ನು ಭಾರತ 2019ರ ಕಾಯಿದೆಯಿಂದ ನಿಷೇಧಿಸಿರುವುದರಿಂದ ಅದು ಇಲ್ಲಿ ಚಿಕಿತ್ಸೆಯ ಮಾರ್ಗವಲ್ಲ. ಗಮ್ ಚಟವಾಗಿಬಿಟ್ಟರೆ ಎಂದು ಅನೇಕರು ಹೆದರುತ್ತಾರೆ. ಕೆಲವರು ತಿಂಗಳುಗಟ್ಟಲೆ ಅದನ್ನು ಬಿಡುವುದಿಲ್ಲ ಎಂಬುದು ನಿಜ. ಆದರೆ ಹೊಗೆಗೆ ಹೋಲಿಸಿದರೆ ಅದರ ಅಪಾಯ ತೀರ ಕಡಿಮೆ, ಹೃದ್ರೋಗ ಸ್ಥಿಮಿತದಲ್ಲಿರುವವರೂ ಅದನ್ನು ಬಳಸಬಹುದು. ಗರ್ಭಿಣಿಯರು ಮತ್ತು ಈಚೆಗಷ್ಟೇ ಹೃದಯಾಘಾತವಾದವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಎರಡನೇ ವಾರಕ್ಕೇ ಚೆನ್ನಾಗಿದ್ದೇನೆ ಎಂದು ಔಷಧ ನಿಲ್ಲಿಸಿ ಮತ್ತೆ ಸೇದಲು ಹೋಗುವವರೇ ನಿಜವಾದ ಚಿಂತೆಗೆ ಕಾರಣ.

ಉಸಿರನ್ನು ಅಳೆಯುವುದು

ಶ್ವಾಸಕೋಶದ ಸ್ಥಿತಿಯನ್ನು ಅಳೆಯುವ ಉಪಕರಣ ಸ್ಪೈರೋಮೀಟರ್. ಮೂಗಿಗೆ ಕ್ಲಿಪ್ ಹಾಕಿ, ತುಂಬ ಉಸಿರೆಳೆದುಕೊಂಡು, ಕೊಳವೆಯನ್ನು ತುಟಿಯಿಂದ ಬಿಗಿಹಿಡಿದು ಒಮ್ಮೆಲೇ ರಭಸದಿಂದ ಊದಬೇಕು. ಆರು ಸೆಕೆಂಡಿನವರೆಗೆ, ಎದೆ ಬರಿದಾಯಿತು ಅನ್ನಿಸಿದ ಮೇಲೂ, ಊದುತ್ತಲೇ ಇರಬೇಕು. ತಂತ್ರಜ್ಞರು ಪಕ್ಕದಲ್ಲಿ ನಿಂತು "ಊದಿ, ಊದಿ, ಇನ್ನೂ ಊದಿ" ಎಂದು ಕೂಗುವುದು ಇದಕ್ಕೇ. ಕನಿಷ್ಠ ಮೂರು ಒಳ್ಳೆಯ ಊದು ಬೇಕು, ಅವುಗಳಲ್ಲಿ ಉತ್ತಮವಾದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು.

ಇದರಿಂದ ಸಿಗುವ ಎರಡು ಅಂಕಿಗಳು ಮುಖ್ಯ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯ ಪ್ರಮಾಣವನ್ನು ಎಫ್‌ಇವಿ1 ಎನ್ನುತ್ತಾರೆ. ಒಟ್ಟು ಹೊರಬಂದದ್ದು ಎಫ್‌ವಿಸಿ. ಶ್ವಾಸನಾಳ ಅಗಲಿಸುವ ಔಷಧ ಕೊಟ್ಟು ಪರೀಕ್ಷಿಸಿದ ಮೇಲೂ ಮೊದಲನೆಯದು ಎರಡನೆಯದರ ಶೇ. 70ಕ್ಕಿಂತ ಕಡಿಮೆ ಇದ್ದರೆ ಗಾಳಿಯ ದಾರಿಯಲ್ಲಿ ಶಾಶ್ವತ ಅಡ್ಡಿ ಉಂಟಾಗಿದೆ, ಅಂದರೆ ಸಿಒಪಿಡಿ ಇದೆ ಎಂದು ಅರ್ಥ. ಸೇದದ ಆರೋಗ್ಯವಂತರಲ್ಲಿಯೂ ಇಪ್ಪತ್ತೈದರ ಹರೆಯದ ಸುಮಾರಿಗೆ ಎಫ್‌ಇವಿ1 ತುತ್ತತುದಿ ಮುಟ್ಟಿ ಆಮೇಲೆ ವರ್ಷಕ್ಕೆ ಸುಮಾರು 30 ಮಿಲಿಲೀಟರಿನಂತೆ ಇಳಿಯುತ್ತದೆ. ವಯಸ್ಸಿನೊಡನೆ ಎಲ್ಲರೂ ಕಳೆದುಕೊಳ್ಳುವ ಪಾಲು ಇದು. ಹೊಗೆ ಅದನ್ನು ಹೆಚ್ಚಿಸುತ್ತದೆ.

ಬಿಟ್ಟ ಮೊದಲ ವರ್ಷ

ರಕ್ತದಲ್ಲಿನ ಇಂಗಾಲದ ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿ ಸಾಮಾನ್ಯ ಮಟ್ಟಕ್ಕೆ ಇಳಿಯುತ್ತದೆ. ಹೊಗೆಯಿಂದ ಜಡವಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ವಾರಗಳಲ್ಲಿ ಮತ್ತೆ ಬೀಸತೊಡಗಿ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಕೆಲವರಿಗೆ ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚುವುದುಂಟು. ಬಿಟ್ಟ ಮೇಲೆಯೇ ಕಾಯಿಲೆ ಬಂತು ಎಂದು ಇದರಿಂದ ಗಾಬರಿಯಾಗಬೇಕಿಲ್ಲ. ಆದರೆ ಕಫದಲ್ಲಿ ರಕ್ತ ಕಂಡರೆ, ತೂಕ ಕಾರಣವಿಲ್ಲದೆ ಇಳಿದರೆ, ಕೆಮ್ಮು ತಿಂಗಳುಗಟ್ಟಲೆ ಬಿಡದಿದ್ದರೆ ಎದೆಯ ತಪಾಸಣೆ ಮಾಡಿಸಲೇಬೇಕು. ತಿಂಗಳುಗಳು ಕಳೆದಂತೆ ಬಹುಪಾಲು ಮಂದಿಗೆ ಬೆಳಗಿನ ಕೆಮ್ಮು ಮತ್ತು ಕಫ ಇಳಿಯುತ್ತವೆ. ಮೊದಲ ವರ್ಷದಲ್ಲಿ ತೂಕ ಸರಾಸರಿ ನಾಲ್ಕೈದು ಕಿಲೋ ಏರುವುದನ್ನೂ ನಿರೀಕ್ಷಿಸಬೇಕು.

ಎಫ್‌ಇವಿ1 ಕೂಡ ಮೊದಲ ವರ್ಷ ಸ್ವಲ್ಪ ಏರುತ್ತದೆ. ಶ್ವಾಸನಾಳದ ಒಳಪದರದ ಊತ ಇಳಿದದ್ದರಿಂದ, ಕಫ ತೆರವಾದದ್ದರಿಂದ ಆಗುವ ಲಾಭ ಇದು. ಏರಿಕೆ ಸರಾಸರಿ 50 ಮಿಲಿಲೀಟರಿನ ಆಸುಪಾಸು. ಇದು ಮತ್ತೆ ಮತ್ತೆ ಆಗುವುದಿಲ್ಲ, ಒಂದೇ ಸಲ. ಇಲ್ಲಿಂದ ಮುಂದಿನ ಕಥೆಯೆಲ್ಲ ಇಳಿಜಾರಿನದು.

ಲಂಡನ್ನಿನ ಗಂಡಸರು, ಅಮೆರಿಕದ ಅಧ್ಯಯನ

ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ 792 ಗಂಡಸರ ಉಸಿರನ್ನು ಎಂಟು ವರ್ಷ ಕಾಲ ಆರು ತಿಂಗಳಿಗೊಮ್ಮೆ ಅಳೆದ ಅಧ್ಯಯನದ ಫಲವನ್ನು 1977ರಲ್ಲಿ ಲೇಖನವಾಗಿ ಪ್ರಕಟಿಸಿದರು. ಸೇದುವವರಲ್ಲಿ ಎಲ್ಲರ ಶ್ವಾಸಕೋಶವೂ ಒಂದೇ ವೇಗದಲ್ಲಿ ಕುಸಿಯುವುದಿಲ್ಲ, ಹೊಗೆಗೆ ಸುಲಭವಾಗಿ ಬಲಿಯಾಗುವ ಒಂದು ಗುಂಪಿದೆ ಎಂದು ಅವರು ತೋರಿಸಿದರು. ಆ ಗುಂಪಿನವರು ಬಿಟ್ಟರೆ ಕಳೆದುಹೋದದ್ದು ಬರುವುದಿಲ್ಲ, ಆದರೆ ಮುಂದಿನ ಇಳಿಕೆ ಸೇದದವರ ವೇಗಕ್ಕೆ ಹತ್ತಿರವಾಗುತ್ತದೆ. ಅವರು ಕಂಡ ಇನ್ನೊಂದು ಸಂಗತಿಯನ್ನು ಜನ ಇನ್ನೂ ಸರಿಯಾಗಿ ಗ್ರಹಿಸಿಲ್ಲ. ಕೆಮ್ಮು ಮತ್ತು ಕಫಕ್ಕೂ ಗಾಳಿಯ ದಾರಿ ಕಿರಿದಾಗುವುದಕ್ಕೂ ನೇರ ಸಂಬಂಧವಿಲ್ಲ, ಎರಡೂ ಹೊಗೆಯಿಂದಲೇ ಬಂದರೂ ಬೇರೆ ಬೇರೆ ರೋಗಗಳು. "ನನಗೆ ಕೆಮ್ಮೇ ಇಲ್ಲ, ನನಗೇನಾಗಿದೆ" ಎನ್ನುವವರ ಎಫ್‌ಇವಿ1 ಸದ್ದಿಲ್ಲದೆ ಇಳಿಯುತ್ತಿರಬಹುದು.

ಫ್ಲೆಚರ್ ಮತ್ತು ಪೀಟೊ ಸೇದುವವರನ್ನು ಗಮನಿಸಿದರೇ ಹೊರತು ಬಿಡಿಸಲಿಲ್ಲ. ಆ ಕೆಲಸವನ್ನು ಮಾಡಿದ್ದು 1986ರಲ್ಲಿ ಅಮೆರಿಕ ಮತ್ತು ಕೆನಡಾದ ಹತ್ತು ಕೇಂದ್ರಗಳಲ್ಲಿ ಶುರುವಾದ ಲಂಗ್ ಹೆಲ್ತ್ ಸ್ಟಡಿ. 35ರಿಂದ 60 ವರ್ಷದ, ಶ್ವಾಸನಾಳದಲ್ಲಿ ಆಗಲೇ ಅಲ್ಪ ಅಡ್ಡಿ ಕಂಡಿದ್ದ 5,887 ಮಂದಿ ಸೇದುವವರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಹನ್ನೆರಡು ಸಭೆಗಳ ತರಬೇತಿ ಮತ್ತು ನಿಕೋಟಿನ್ ಗಮ್ ಕೊಟ್ಟರು. ಅವುಗಳಲ್ಲಿ ಒಂದಕ್ಕೆ ಶ್ವಾಸನಾಳ ಅಗಲಿಸುವ ಇಪ್ರಾಟ್ರೋಪಿಯಂ ಇನ್ಹೇಲರ್, ಇನ್ನೊಂದಕ್ಕೆ ಔಷಧವಿಲ್ಲದ ಇನ್ಹೇಲರ್. ಮೂರನೆಯ ಗುಂಪನ್ನು ಅವರವರ ವೈದ್ಯರಿಗೆ ಬಿಟ್ಟರು. ಐದು ವರ್ಷದ ಕೊನೆಗೆ ತರಬೇತಿ ಪಡೆದವರಲ್ಲಿ ಶೇ. 22ರಷ್ಟು ಮಂದಿ ಶುರುವಿನಿಂದಲೂ ಸೇದದೆ ಉಳಿದಿದ್ದರು, ಮೂರನೆಯ ಗುಂಪಿನಲ್ಲಿ ಶೇ. 5. ಇನ್ಹೇಲರ್ ಉಸಿರನ್ನು ತಾತ್ಕಾಲಿಕವಾಗಿ ಹಗುರ ಮಾಡಿತು, ನಿಲ್ಲಿಸಿದೊಡನೆ ಲಾಭವೂ ಹೋಯಿತು. ಇಳಿಜಾರನ್ನು ಬದಲಿಸಿದ್ದು ಬಿಡುವಿಕೆ ಒಂದೇ.

ಹನ್ನೊಂದು ವರ್ಷದ ಮೇಲೆ ಮತ್ತೆ ಅಳೆದಾಗ ಚಿತ್ರ ಸ್ಪಷ್ಟವಾಯಿತು. ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ ಸರಾಸರಿ 66 ಮಿಲಿಲೀಟರ್ ಕಳೆದುಕೊಂಡಿದ್ದರು, ಬಿಟ್ಟವರು 30. ಹೆಂಗಸರಲ್ಲಿ ಈ ಅಂಕಿಗಳು 54 ಮತ್ತು 22. ಮೊದಲ ವರ್ಷದ ಏರಿಕೆಯೂ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚಾಗಿತ್ತು. ಇರಬೇಕಾದ ಸಾಮರ್ಥ್ಯದ ಶೇ. 60ಕ್ಕಿಂತ ಕೆಳಗೆ ಬಿದ್ದವರು ಸೇದುವವರಲ್ಲಿ ನೂರಕ್ಕೆ 38, ಬಿಟ್ಟವರಲ್ಲಿ 10. ಹದಿನಾಲ್ಕೂವರೆ ವರ್ಷದ ಲೆಕ್ಕದಲ್ಲಿ ಸಾವಿನ ಪ್ರಮಾಣವೂ ತರಬೇತಿ ಪಡೆದ ಗುಂಪಿನಲ್ಲಿ ಕಡಿಮೆ ಇತ್ತು. ಅವರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಪೂರ್ತಿ ಬಿಟ್ಟಿದ್ದರೂ ಗುಂಪಿಗೆ ಗುಂಪೇ ಲಾಭ ಪಡೆಯಿತು.

ಒಂದು ಲೆಕ್ಕ

ಈ ಅಂಕಿಗಳನ್ನು ಒಬ್ಬ ವ್ಯಕ್ತಿಯ ಮೇಲಿಟ್ಟು ನೋಡೋಣ. ಹುಬ್ಬಳ್ಳಿಯ ಕಡೆಯ 48 ವರ್ಷದ ಲಾರಿ ಚಾಲಕರೊಬ್ಬರನ್ನು ಊಹಿಸಿಕೊಳ್ಳಿ. ದಿನಕ್ಕೆ 15 ಸಿಗರೇಟು, ಮೊದಲನೆಯದು ಎದ್ದ ಕಾಲು ಗಂಟೆಗೆ. ಎಫ್‌ಇವಿ1 2.75 ಲೀಟರ್, ಎಫ್‌ವಿಸಿ 4.10 ಲೀಟರ್, ಅನುಪಾತ ಶೇ. 67. ಅಡ್ಡಿ ಶುರುವಾಗಿದೆ, ಆದರೆ ಲಾರಿ ಹತ್ತಿ ಇಳಿಯುವಾಗ ಅವರಿಗೆ ಇನ್ನೂ ಏನೂ ಗೊತ್ತಾಗುವುದಿಲ್ಲ. ಅವರಿಗೆ 21 ಮಿಲಿಗ್ರಾಂ ಪ್ಯಾಚ್, ಜೊತೆಗೆ ದಾರಿಯಲ್ಲಿ ಚಹಾದ ಹೋಟೆಲ್ ಬರುವ ಮುಂಚೆ ಹಾಕಿಕೊಳ್ಳಲು ಗಮ್ ಕೊಟ್ಟರೆ ಪ್ರಮಾಣ ಹೊಂದುತ್ತದೆ.

ಅಮೆರಿಕದ ಆ ಸರಾಸರಿಯೇ ಇವರಿಗೂ ಅನ್ವಯಿಸುತ್ತದೆ ಎಂದಿಟ್ಟುಕೊಂಡರೆ, ಸೇದುತ್ತ ಹೋದಲ್ಲಿ 59ನೇ ವಯಸ್ಸಿಗೆ ಎಫ್‌ಇವಿ1 ಸುಮಾರು 2.02 ಲೀಟರಿಗೆ ಬರುತ್ತದೆ, ಬಿಟ್ಟರೆ 2.42 ಉಳಿಯುತ್ತದೆ. ಅದೇ ವೇಗದಲ್ಲಿ ಮುಂದುವರಿದರೆ 70ನೇ ವಯಸ್ಸಿಗೆ ಒಂದು ದಾರಿಯಲ್ಲಿ 1.30, ಇನ್ನೊಂದರಲ್ಲಿ 2.09. ಎರಡು ಲೀಟರ್ ಇರುವವರು ಸಾಮಾನ್ಯವಾಗಿ ತಮ್ಮ ಕೆಲಸ ತಾವು ಮಾಡಿಕೊಂಡು, ಮೆಟ್ಟಿಲು ಹತ್ತಿಕೊಂಡು ಇರಬಲ್ಲರು. 1.30ರಲ್ಲಿ ಒಂದು ಮಹಡಿ ಹತ್ತಲೂ ನಡುವೆ ನಿಲ್ಲಬೇಕಾಗುತ್ತದೆ, ಒಂದು ನೆಗಡಿ ಆಸ್ಪತ್ರೆಗೆ ಸೇರಿಸಬಹುದು.

ಈಗ ಇದೇ ಚಾಲಕರು ಬಿಟ್ಟ ಒಂದು ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿಸಿದರು ಎನ್ನಿ. ಯಂತ್ರ 2.68 ತೋರಿಸಬಹುದು, 2.86 ತೋರಿಸಬಹುದು. ಒಂದೇ ದಿನದ ಎರಡು ಊದುಗಳ ನಡುವೆಯೇ 150 ಮಿಲಿಲೀಟರ್ ವ್ಯತ್ಯಾಸ ಒಪ್ಪಿತವಾಗಿರುವಾಗ, ಒಂದು ವರ್ಷದ 30 ಅಥವಾ 66 ಮಿಲಿಲೀಟರ್ ಅದರಲ್ಲಿ ಮುಳುಗಿಹೋಗುತ್ತದೆ. 2.68 ನೋಡಿ ಬಿಟ್ಟೂ ಪ್ರಯೋಜನವಾಗಲಿಲ್ಲ ಎಂದು ನಿರಾಶೆಪಡುವುದಾಗಲಿ, 2.86 ನೋಡಿ ಎಲ್ಲ ಸರಿಹೋಯಿತು ಎಂದು ಹಿಗ್ಗುವುದಾಗಲಿ ಸರಿಯಲ್ಲ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ವರ್ಷಕ್ಕೊಮ್ಮೆ ಮಾಡಿಸಿ, ನಾಲ್ಕೈದು ವರ್ಷದ ಅಂಕಿಗಳನ್ನು ಸಾಲಾಗಿಟ್ಟು ನೋಡಿದಾಗ ಮಾತ್ರ ಇಳಿಜಾರು ಕಾಣುತ್ತದೆ.

ಮಿತಿಗಳು

ಎಂಫಿಸೀಮದಲ್ಲಿ ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಗೋಡೆಗಳೇ ಒಡೆದುಹೋಗುತ್ತವೆ. ಅವನ್ನು ಹಿಗ್ಗಿಸಿ ಕುಗ್ಗಿಸುವ ನಾರು ಒಮ್ಮೆ ನಾಶವಾದರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಶ್ವಾಸಕೋಶ ತೊಳೆಯುತ್ತದೆ ಎಂದು ಮಾರುವ ಕಷಾಯ, ಟಾನಿಕ್‌ಗಳಿಂದಲೂ ಅದು ಆಗದು. ಸಿಒಪಿಡಿ ಬಲಿತವರಲ್ಲಿ ಬಿಟ್ಟ ಮೇಲೂ ಶ್ವಾಸನಾಳದ ಉರಿಯೂತ ಬಹುಕಾಲ ಉಳಿಯುತ್ತದೆ. ಅಂಥವರಿಗೆ ಇನ್ಹೇಲರ್, ಲಸಿಕೆ, ವ್ಯಾಯಾಮ ಎಲ್ಲವೂ ಬೇಕಾಗುತ್ತವೆ.

ಬಿಟ್ಟವರ ವೇಗ ಸೇದದವರದಕ್ಕೆ ಪೂರ್ತಿ ಸಮವಾಗುತ್ತದೆ ಎಂಬ ಹಳೆಯ ನಂಬಿಕೆಯನ್ನೂ ಸ್ವಲ್ಪ ತಿದ್ದಬೇಕಾಗಿದೆ. ಅಮೆರಿಕದ ಹಲವು ಅಧ್ಯಯನಗಳನ್ನು ಕೂಡಿಸಿ 25,000ಕ್ಕೂ ಹೆಚ್ಚು ಮಂದಿಯನ್ನು ನೋಡಿದ 2020ರ ವರದಿಯಲ್ಲಿ ಸೇದದವರು ವರ್ಷಕ್ಕೆ ಸುಮಾರು 31 ಮಿಲಿಲೀಟರ್, ಬಿಟ್ಟವರು 35, ಸೇದುವವರು 40 ಕಳೆದುಕೊಂಡಿದ್ದರು. ಬಿಟ್ಟು ದಶಕಗಳಾದವರಲ್ಲಿಯೂ ಸಣ್ಣ ಹೆಚ್ಚಳ ಉಳಿದಿತ್ತು. ದಿನಕ್ಕೆ ಐದಕ್ಕಿಂತ ಕಡಿಮೆ ಸೇದುವವರ ಕುಸಿತವೂ ಹೆಚ್ಚು ಸೇದುವವರದಕ್ಕೆ ಹತ್ತಿರವೇ ಇತ್ತು. ಕಡಿಮೆ ಮಾಡಿದ್ದೇನೆ ಎಂಬ ಸಮಾಧಾನಕ್ಕೆ ಇದು ಕೊಟ್ಟ ಉತ್ತರ. ಲಂಗ್ ಹೆಲ್ತ್ ಸ್ಟಡಿಯಲ್ಲಿ ಬಿಡುತ್ತ, ಮತ್ತೆ ಸೇದುತ್ತ ಇದ್ದವರ ಇಳಿಕೆ ಎರಡು ತುದಿಗಳ ನಡುವೆ ಇತ್ತು. ಮತ್ತೆ ಹಿಡಿದವರು ಇನ್ನೊಮ್ಮೆ ಬಿಡುವುದು ಅದರಿಂದ ವ್ಯರ್ಥವಲ್ಲ.

ಕ್ಯಾನ್ಸರಿನ ವಿಷಯದಲ್ಲಿ ಸಮಾಧಾನದ ಸುದ್ದಿ ಇದೆ. ಬಿಟ್ಟ ಹತ್ತು ಹದಿನೈದು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವರದರ ಅರ್ಧಕ್ಕೆ ಇಳಿಯುತ್ತದೆ, ಸೇದದವರ ಮಟ್ಟಕ್ಕೆ ಮಾತ್ರ ಬರುವುದಿಲ್ಲ. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆ ಮತ್ತು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 2020ರಲ್ಲಿ 16 ಮಂದಿಯ ಶ್ವಾಸನಾಳದ ಕೋಶಗಳ ಡಿಎನ್‌ಎ ಓದಿದಾಗ, ಬಿಟ್ಟವರಲ್ಲಿ ಶೇ. 20ರಿಂದ 40ರಷ್ಟು ಕೋಶಗಳು ಸೇದದವರ ಕೋಶಗಳಂತೆಯೇ ಹಾನಿಯಿಲ್ಲದೆ ಇದ್ದವು. ಈಗಲೂ ಸೇದುತ್ತಿರುವವರಲ್ಲಿ ಅಂಥ ಕೋಶಗಳು ತೀರ ವಿರಳ. ಹಾನಿಯಾದ ಕೋಶಗಳು ಸರಿಹೋದವೆಂದಲ್ಲ, ಹೊಗೆಯ ಕಾಲದಲ್ಲಿ ಹೇಗೋ ಉಳಿದುಕೊಂಡಿದ್ದ ಒಳ್ಳೆಯ ಕೋಶಗಳು ವೃದ್ಧಿಯಾಗಿ ಜಾಗ ತುಂಬಿದವು ಎಂಬುದು ಸಂಶೋಧಕರ ವಿವರಣೆ.

ಭಾರತದಲ್ಲಿ ನೆರವು

ನಿಕೋಟಿನ್ ಬದಲಿ ಚಿಕಿತ್ಸೆ 2009ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, 2022ರಲ್ಲಿ ಭಾರತದ ರಾಷ್ಟ್ರೀಯ ಪಟ್ಟಿಗೂ ಸೇರಿತು. ಗಮ್ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ, ಪ್ಯಾಚ್‌ಗಾಗಿ ದೊಡ್ಡ ಊರಿನ ಅಂಗಡಿಗಳಲ್ಲಿ ಕೇಳಬೇಕಾಗಬಹುದು. ಬಿಡಲು ಬಯಸುವವರು ರಾಷ್ಟ್ರೀಯ ತಂಬಾಕು ಬಿಡುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ದಕ್ಷಿಣದ ರಾಜ್ಯಗಳ ಕರೆಗಳನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು, ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯಬಹುದು.